ಕೀಲಿಕೈ ಕೊಟ್ಟರೆ ಯೋಜನೆ ಮುಗಿಯಿತಾ? ಮುಕ್ತಾಯ ವರದಿ ಬರೆಯುವ ಬಗೆ, ಎರಡು ನೀರಿನ ಘಟಕಗಳ ಲೆಕ್ಕದೊಂದಿಗೆ

ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿದ ದಿನ. ರಿಬ್ಬನ್ ಕತ್ತರಿಸಿಯಾಗಿತ್ತು. ಫೋಟೊ ತೆಗೆದು, ಚಹಾ ಕುಡಿದು, ಹುಬ್ಬಳ್ಳಿಗೆ ಹೊರಡಲು ಜೀಪು ಹತ್ತುತ್ತಿದ್ದೆವು. ಘಟಕ ನೋಡಿಕೊಳ್ಳುವ ಹುಡುಗ ಓಡಿ ಬಂದ. "ಸರ, ಕೀಲಿಕೈ ಕೊಟ್ರಿ ಖರೆ. ಕಾರ್ಡಿಗೆ ರೊಕ್ಕ ಹಾಕೋ ಡಬ್ಬಿ ಯಾರ ಕಡೆ ಐತ್ರಿ?"

ನಾವು ಮುಖ ಮುಖ ನೋಡಿಕೊಂಡೆವು. ನೀರಿನ ಕಾರ್ಡ್ ರೀಚಾರ್ಜ್ ಮಾಡುವ ಆ ಪುಟ್ಟ ಯಂತ್ರ ಗುತ್ತಿಗೆದಾರರ ಮೆಕ್ಯಾನಿಕ್ ಬ್ಯಾಗಿನಲ್ಲಿತ್ತು. ಅದರ ಮಾಸ್ಟರ್ ಕಾರ್ಡ್ ಕೂಡ ಅವನ ಹತ್ತಿರವೇ ಇತ್ತು. ಅವನು ಆಗಲೇ ಬೇರೆ ಊರಿಗೆ ಹೋಗಿದ್ದ. ನಮ್ಮ 46 ಪುಟದ ಮುಕ್ತಾಯ ವರದಿಯಲ್ಲಿ ಆ ಡಬ್ಬಿಯ ಹೆಸರೇ ಇರಲಿಲ್ಲ. ಹನ್ನೊಂದು ದಿನ ಆ ಊರಿನವರು ಹೊಸದಾಗಿ ರೀಚಾರ್ಜ್ ಮಾಡಿಸಲು ಆಗಲಿಲ್ಲ.

ಆ ವರದಿಯನ್ನು ಆಮೇಲೆ ಹೊಸದಾಗಿ ಬರೆದೆವು. ಹೇಗೆ ಬರೆದೆವು ಅನ್ನುವುದನ್ನೇ ಇಲ್ಲಿ ಹೇಳುತ್ತಿದ್ದೇನೆ. ನಮ್ಮದು ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್ಆರ್ ಹಣದಲ್ಲಿ ನಡೆದ ಕೆಲಸ. ಕಟ್ಟಿದ್ದು ನಮ್ಮ ಸಂಸ್ಥೆ, ಪಡೆದದ್ದು ಗ್ರಾಮ ಪಂಚಾಯಿತಿ. ಇಲ್ಲಿಯ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಯಾರಿಗಾಗಿ ಬರೆಯುತ್ತಿದ್ದೀರಿ?

ಮುಕ್ತಾಯ ವರದಿಗೆ ಮೂವರು ಓದುಗರು. ಹಣ ಕೊಟ್ಟವರಿಗೆ ಹಣ ಎಲ್ಲಿ ಹೋಯಿತು ಅನ್ನುವುದು ಬೇಕು. ನಿಮ್ಮ ಸಿಎಗೆ ವೋಚರ್ ಜತೆ ತಾಳೆಯಾಗುವ ಮೊತ್ತ ಬೇಕು. ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ಎರಡು ವರ್ಷದ ಮೇಲೆ, ನೀರು ಸೋಸುವ ಮೆಂಬ್ರೇನ್ ಪದರ ಕಟ್ಟಿಕೊಂಡು ನೀರು ಬರುವುದು ನಿಂತಾಗ, ಕಪಾಟಿನಿಂದ ಫೈಲ್ ತೆಗೆಯುವ ಪಿಡಿಒ ಅವರು. ಅಷ್ಟರಲ್ಲಿ ಹಳೆಯ ಪಿಡಿಒ ವರ್ಗವಾಗಿ ಹೋಗಿರುತ್ತಾರೆ. ನಿಮ್ಮ ಸಂಸ್ಥೆಯಲ್ಲಿ ಈ ಕೆಲಸ ನೋಡಿಕೊಂಡವರೂ ಇರುವುದಿಲ್ಲ. ಹೊಸಬರಿಗೆ ಮಾತಾಡಲು ಸಿಗುವುದು ಆ ಫೈಲ್ ಒಂದೇ.

ಹಾಗಾಗಿ ನಾನು ವರದಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತೇನೆ. ಮೊದಲು ಆಸ್ತಿ ಪಟ್ಟಿ, ಆಮೇಲೆ ಖರ್ಚು, ಆಮೇಲೆ ಉದ್ದೇಶಿಸಿದ್ದು ಮತ್ತು ಆಗಿದ್ದು, ಕೊನೆಗೆ ಕಲಿತ ಪಾಠ. ಓದುಗರ ಕೈಗೆ ಹೋಗುವಾಗ ಕ್ರಮ ಬೇರೆ ಇರಬಹುದು, ಚಿಂತೆ ಇಲ್ಲ. ಆದರೆ ಬರೆಯಲು ಕೂತಾಗ ಆಸ್ತಿಯಿಂದ ಶುರು ಮಾಡಿದರೆ ಒಂದು ಲಾಭವಿದೆ. ಕಣ್ಣಿಗೆ ಕಾಣುವ ವಸ್ತುಗಳನ್ನು ಎಣಿಸುತ್ತಾ ಹೋದಂತೆ, ಯಾವ ಬಿಲ್ ಇಲ್ಲ, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಅನ್ನುವುದು ತಾನಾಗೇ ಹೊರಬರುತ್ತದೆ. ಯಶಸ್ಸಿನ ಕತೆಯಿಂದ ಶುರು ಮಾಡಿದರೆ ಅದು ಹೊರಬರುವುದಿಲ್ಲ.

ಮೊದಲ ಹೆಜ್ಜೆ: ಸ್ಥಳಕ್ಕೆ ಹೋಗಿ ಆಸ್ತಿ ಎಣಿಸಿ

ಆಫೀಸಿನಲ್ಲಿ ಕೂತು ಬಿಲ್ ನೋಡಿ ಆಸ್ತಿ ಪಟ್ಟಿ ಮಾಡಬೇಡಿ. ಬಿಲ್‌ನಲ್ಲಿ "ಆರ್‌ಓ ಘಟಕ, 1000 ಲೀಟರ್ ಪ್ರತಿ ಗಂಟೆಗೆ, ಒಂದು ಸೆಟ್" ಅಂತ ಒಂದೇ ಸಾಲು ಇರುತ್ತದೆ. ಆ ಒಂದು ಸಾಲಿನೊಳಗೆ ಕಚ್ಚಾ ನೀರಿನ ಪಂಪ್, ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಕಾರ್ಟ್ರಿಜ್ ಡಬ್ಬಿ, ರಾಸಾಯನಿಕ ಹನಿಸುವ ಡೋಸಿಂಗ್ ಪಂಪ್, ಹೈ ಪ್ರೆಶರ್ ಪಂಪ್, ಮೆಂಬ್ರೇನ್‌ಗಳು, ಕಂಟ್ರೋಲ್ ಪ್ಯಾನೆಲ್, ಶುದ್ಧ ನೀರಿನ ಟ್ಯಾಂಕ್, ಕಾರ್ಡ್ ಯಂತ್ರ ಎಲ್ಲ ಸೇರಿವೆ. ನಾಳೆ ಕೆಡುವುದು "ಸೆಟ್" ಅಲ್ಲ, ಅದರೊಳಗಿನ ಒಂದು ಪಂಪ್. ಆ ಪಂಪಿನ ಸೀರಿಯಲ್ ನಂಬರ್ ಇಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ.

ನಾವು ಎರಡನೇ ಸಲ ಹೋದಾಗ ನೀರು ಹೋಗುವ ದಾರಿಯನ್ನೇ ಹಿಡಿದೆವು. ಬೋರ್‌ವೆಲ್ ಬಾಯಿಂದ ಶುರು ಮಾಡಿ, ಪೈಪಿನ ಗುಂಟ ನಡೆದು, ಜನ ಕ್ಯಾನ್ ಹಿಡಿಯುವ ನಲ್ಲಿಯವರೆಗೆ ಏನೇನು ಸಿಗುತ್ತದೋ ಎಲ್ಲ ಬರೆದೆವು. ಆಮೇಲೆ ಯಂತ್ರದಿಂದ ಹೊರಗೆ ಹೋಗುವ ಕೊಳೆ ನೀರಿನ ಪೈಪ್ ಹಿಡಿದು ಗುಂಡಿಯವರೆಗೆ ಹೋದೆವು. ಕೊನೆಗೆ ಮೀಟರ್ ಬೋರ್ಡ್. ಒಂದೊಂದಕ್ಕೂ ಹೆಸರು, ಕಂಪನಿ, ಸೀರಿಯಲ್ ನಂಬರ್, ಕೂರಿಸಿದ ದಿನಾಂಕ, ವಾರಂಟಿ ಮುಗಿಯುವ ದಿನಾಂಕ, ಇವತ್ತಿನ ಸ್ಥಿತಿ. ನಂಬರ್ ಫಲಕದ ಫೋಟೊ ಹತ್ತಿರದಿಂದ ತೆಗೆಯಿರಿ. ಮೆಂಬ್ರೇನ್ ಸೀರಿಯಲ್ ನಂಬರ್ ಅದನ್ನು ಕೂರಿಸುವ ವೆಸಲ್ ಕೊಳವೆಯ ಒಳಗೆ ಅಡಗಿರುತ್ತದೆ, ಆಮೇಲೆ ಕಾಣುವುದಿಲ್ಲ. ಅದನ್ನು ಕೂರಿಸುವ ದಿನವೇ ಬರೆದಿಟ್ಟುಕೊಳ್ಳಬೇಕು. ನಾವು ಬರೆದಿರಲಿಲ್ಲ, ಗುತ್ತಿಗೆದಾರರಿಂದ ಪತ್ರ ತರಿಸಿಕೊಳ್ಳಬೇಕಾಯಿತು.

ದೊಡ್ಡ ವಸ್ತುಗಳು ಎಲ್ಲಿಗೂ ಹೋಗುವುದಿಲ್ಲ. ಕಳೆದುಹೋಗುವುದು ಸಣ್ಣವು. ಹಾಗಾಗಿ "ಕೈಯಲ್ಲಿ ಹಿಡಿದು ಕೊಡುವಂಥವು" ಅಂತ ಇನ್ನೊಂದು ಚಿಕ್ಕ ಪಟ್ಟಿ ಮಾಡಿ. ಕೀಲಿಕೈ ಎಷ್ಟು ಜತೆ, ಕಾರ್ಟ್ರಿಜ್ ಡಬ್ಬಿ ತಿರುಗಿಸುವ ಪ್ಲಾಸ್ಟಿಕ್ ಸ್ಪ್ಯಾನರ್, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್, ರೀಚಾರ್ಜ್ ಯಂತ್ರ, ಮಾಸ್ಟರ್ ಕಾರ್ಡ್, ಪ್ಯಾನೆಲ್‌ನ ಪಾಸ್‌ವರ್ಡ್, ಉಳಿದ ಖಾಲಿ ಕಾರ್ಡುಗಳ ಸಂಖ್ಯೆ. ಪಾಸ್‌ವರ್ಡನ್ನು ವರದಿಯಲ್ಲಿ ಬರೆಯಬೇಡಿ, ವರದಿ ಹತ್ತು ಕೈ ದಾಟುತ್ತದೆ. ಲಕೋಟೆಯಲ್ಲಿಟ್ಟು ಪಿಡಿಒ ಅವರಿಗೆ ಕೊಟ್ಟು, "ಲಕೋಟೆ ತಲುಪಿದೆ" ಅಂತ ಮಾತ್ರ ಸಹಿ ಪಡೆಯಿರಿ.

ಎರಡನೇ ಹೆಜ್ಜೆ: ವಸ್ತು ಅವರದು, ಕಾಗದ ಯಾರದು?

ಇಲ್ಲಿ ಸ್ವಲ್ಪ ನಿಧಾನಿಸಿ. ಯಂತ್ರ ಪಂಚಾಯಿತಿಯ ಜಾಗದಲ್ಲಿ ನಿಂತ ಮಾತ್ರಕ್ಕೆ ಅದು ಪಂಚಾಯಿತಿಯದಾಗುವುದಿಲ್ಲ. ಸಿಎಸ್ಆರ್ ಹಣದ ಮಟ್ಟಿಗಂತೂ ನಿಯಮವೇ ಇದೆ. 2021ರ ತಿದ್ದುಪಡಿಯ ನಂತರ, ಆ ಹಣದಲ್ಲಿ ಮಾಡಿದ ಬಂಡವಾಳ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಸಿಎಸ್ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟ್ ಅಥವಾ ಸೊಸೈಟಿ, ಇಲ್ಲವೇ ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿ, ಇಲ್ಲವೇ ಫಲಾನುಭವಿಗಳ ಸಂಘ, ಇಲ್ಲವೇ ಸಾರ್ವಜನಿಕ ಪ್ರಾಧಿಕಾರ, ಇವರಲ್ಲಿ ಒಬ್ಬರ ಹತ್ತಿರ ಇರಬೇಕು. ಹಾಗಾಗಿ ಕಂಪನಿಯವರು ಕೇಳುವ ಮೊದಲ ಕಾಗದವೇ ಹಸ್ತಾಂತರ ಪತ್ರ.

ಆದರೆ ಪಂಚಾಯಿತಿ ಕಡೆಯಿಂದ ಅಧ್ಯಕ್ಷರ ಒಂದು ಸಹಿ ಸಾಲದು. ಸಾಮಾನ್ಯ ಸಭೆಯಲ್ಲಿ ವಿಷಯ ಇಟ್ಟು, ಠರಾವು ಆಗಿ, ನಡಾವಳಿಯ ಪ್ರತಿ ನಿಮ್ಮ ಕೈಗೆ ಬರಬೇಕು. ಪಂಚಾಯಿತಿಯ ಆಸ್ತಿ ರಿಜಿಸ್ಟರ್‌ನಲ್ಲಿ ಘಟಕ ದಾಖಲಾಗಿ, ಆ ಪುಟದ ಪ್ರತಿಯೂ ಬರಬೇಕು. ಠರಾವಿನಲ್ಲಿ ಒಂದು ವಾಕ್ಯ ತಪ್ಪದೆ ಇರಲಿ: ಯಾವ ದಿನಾಂಕದಿಂದ ಕರೆಂಟ್ ಬಿಲ್, ಆಪರೇಟರ್ ಸಂಬಳ, ರಿಪೇರಿ ಯಾರ ಜವಾಬ್ದಾರಿ. "ಘಟಕವನ್ನು ಪಡೆಯಲಾಗಿದೆ" ಅಂತಷ್ಟೇ ಬರೆದ ಠರಾವು ಕಷ್ಟ ಬಂದಾಗ ಯಾರ ಕೆಲಸಕ್ಕೂ ಬರುವುದಿಲ್ಲ.

ಕರೆಂಟ್ ಸಂಪರ್ಕದ ಮಾತು ಬೇರೆಯೇ ಹೇಳಬೇಕು. ಬೇಗ ಆಗಲಿ ಅಂತ ನಾವು ಹೆಸ್ಕಾಂ ಸಂಪರ್ಕವನ್ನು ಸಂಸ್ಥೆಯ ಹೆಸರಿನಲ್ಲೇ ತೆಗೆದುಕೊಂಡಿದ್ದೆವು. ಹಸ್ತಾಂತರದ ದಿನ ಎಲ್ಲ ಕೊಟ್ಟೆವು, ಆರ್‌ಆರ್ ನಂಬರ್ ಹೆಸರು ಬದಲಾಯಿಸುವುದನ್ನು ಬಿಟ್ಟೆವು. ನಾಲ್ಕು ತಿಂಗಳ ಮೇಲೆ ಬಾಕಿ ಬಿಲ್ ನಮ್ಮ ಹೆಸರಿಗೇ ಬಂತು. ತಪ್ಪು ನಮ್ಮದೇ. ಈಗ ಹೆಸರು ಬದಲಾವಣೆಯ ಅರ್ಜಿ ಸ್ವೀಕೃತಿ ಮತ್ತು ಹಸ್ತಾಂತರದ ದಿನದ ಮೀಟರ್ ರೀಡಿಂಗ್ ಇಲ್ಲದೆ ಹಸ್ತಾಂತರ ಪತ್ರಕ್ಕೆ ಸಹಿ ಹಾಕುವುದಿಲ್ಲ. ಹೆಸ್ಕಾಂನಲ್ಲಿ ಇಟ್ಟ ಭದ್ರತಾ ಠೇವಣಿಯೂ ಆಸ್ತಿಯೇ. ಅದು ಪಂಚಾಯಿತಿಗೆ ಹೋಗುತ್ತದೋ, ನಿಮಗೆ ವಾಪಸ್ ಬರುತ್ತದೋ ಅಂತ ಒಂದು ಸಾಲು ಬರೆಯಿರಿ.

ಮೂರನೇ ಹೆಜ್ಜೆ: ಎಲ್ಲರ ಎದುರು ಅಳೆಯಿರಿ

ಜಂಟಿ ತಪಾಸಣೆ ಅಂದರೆ ಜತೆಗೆ ನಿಂತು ನೋಡುವುದಲ್ಲ, ಜತೆಗೆ ಅಳೆಯುವುದು. ಪಿಡಿಒ, ಆಪರೇಟರ್, ಗುತ್ತಿಗೆದಾರರ ಕಡೆಯ ಒಬ್ಬರು, ನೀವು, ಇಷ್ಟು ಜನ ಸಾಕು.

ಗಂಟೆಗೆ 1000 ಲೀಟರ್ ಕೊಡಬೇಕಾದ ಯಂತ್ರ ಅಷ್ಟು ಕೊಡುತ್ತಿದೆಯೇ? ಒಂದು 20 ಲೀಟರ್ ಕ್ಯಾನ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಗಂಟೆಗೆ 1000 ಲೀಟರ್ ಆದರೆ ಕ್ಯಾನ್ ತುಂಬಲು 72 ಸೆಕೆಂಡ್ ಬೇಕು. ಆದರೆ ಜನ ನೀರು ಹಿಡಿಯುವ ನಲ್ಲಿಯಲ್ಲಿ ಅಳೆಯಬೇಡಿ. ಅಲ್ಲಿ ಬರುವುದು ಟ್ಯಾಂಕಿನಲ್ಲಿ ಮೊದಲೇ ತುಂಬಿಟ್ಟ ನೀರು, ಯಂತ್ರ ಸತ್ತಿದ್ದರೂ ಜೋರಾಗೇ ಬರುತ್ತದೆ! ಮೆಂಬ್ರೇನ್‌ನಿಂದ ಟ್ಯಾಂಕಿಗೆ ಹೋಗುವ ಪೈಪಿನ ತುದಿಯನ್ನು ಬಿಚ್ಚಿ, ಅಲ್ಲಿ ಕ್ಯಾನ್ ಹಿಡಿಯಬೇಕು. ಯಂತ್ರ ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಪ್ರೆಶರ್ ಗೇಜ್ ಎಷ್ಟು ತೋರಿಸುತ್ತಿತ್ತು, ನೀರಿನ ಉಷ್ಣಾಂಶ ಎಷ್ಟಿತ್ತು ಅಂತಲೂ ಬರೆಯಿರಿ. ತಣ್ಣೀರಿನಲ್ಲಿ ಮೆಂಬ್ರೇನ್ ಕಡಿಮೆ ನೀರು ಬಿಡುತ್ತದೆ. ಮುಂದೆ ಯಾರಾದರೂ ಚಳಿಗಾಲದ ಬೆಳಿಗ್ಗೆ ಅಳೆದು "ಕಡಿಮೆಯಾಗಿದೆ" ಅಂದಾಗ ಈ ಸಾಲು ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಎರಡನೇ ಘಟಕಕ್ಕೆ ಸುಮಾರು 71 ಸೆಕೆಂಡ್ ಹಿಡಿಯಿತು, ಸರಿ ಇತ್ತು. ಮೊದಲ ಘಟಕಕ್ಕೆ 76 ಸೆಕೆಂಡ್ ಮೇಲೆ. ಅಂದರೆ ಗಂಟೆಗೆ 940 ಲೀಟರ್ ಹತ್ತಿರ. ಇದನ್ನು "ಸುಮಾರು 1000" ಅಂತ ಬರೆಯುವ ಆಸೆ ಯಾರಿಗಾದರೂ ಬರುತ್ತದೆ. 940 ಅಂತಲೇ ಬರೆದೆವು. "ಬಾಕಿ ಕೆಲಸ" ಪಟ್ಟಿಯಲ್ಲಿ ಹಾಕಿ, ಗುತ್ತಿಗೆದಾರರಿಗೆ 30 ದಿನ ಕೊಟ್ಟೆವು.

ನೀರಿನ ಗುಣಕ್ಕೆ ಬಂದರೆ, ಗದಗ ಜಿಲ್ಲೆಯ ಈ ಭಾಗದಲ್ಲಿ ತಲೆನೋವು ಫ್ಲೋರೈಡ್. ಹಲ್ಲಿನ ಮೇಲೆ ಹಳದಿ ಗೆರೆ ಇರುವ ಮಕ್ಕಳನ್ನು ನೋಡಿಯೇ ಈ ಯೋಜನೆ ಹುಟ್ಟಿದ್ದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಟಿಡಿಎಸ್ ಮೀಟರ್ ಇದನ್ನು ತೋರಿಸುವುದಿಲ್ಲ, ಲ್ಯಾಬ್ ಪರೀಕ್ಷೆಯೇ ಬೇಕು. ಎಷ್ಟೋ ವರದಿಗಳಲ್ಲಿ ಶುದ್ಧ ನೀರಿನ ಲ್ಯಾಬ್ ರಿಪೋರ್ಟ್ ಮಾತ್ರ ಇರುತ್ತದೆ. ಕಚ್ಚಾ ನೀರಿನದೂ ಅದೇ ದಿನ ತೆಗೆದದ್ದು ಬೇಕು, ಇಲ್ಲದಿದ್ದರೆ ಯಂತ್ರ ಏನು ತೆಗೆದುಹಾಕಿತು ಅಂತ ಹೇಗೆ ಗೊತ್ತಾಗಬೇಕು? ನಮ್ಮದು ಕಚ್ಚಾ ನೀರಿನಲ್ಲಿ 3.1, ಶುದ್ಧ ನೀರಿನಲ್ಲಿ 0.4.

ನಾಲ್ಕನೇ ಹೆಜ್ಜೆ: ಖರ್ಚನ್ನು ಯಾವ ಬಜೆಟ್ ಎದುರು ಇಡುವುದು?

ಮೊದಲು ಮಂಜೂರಾದದ್ದು ಮೂರು ಘಟಕ, 27 ಲಕ್ಷ. ಮೂರನೇ ಊರಿನ ಬೋರ್‌ವೆಲ್‌ನಲ್ಲಿ ನೀರು ಸಾಲದೆ ಆ ಘಟಕ ಕೈಬಿಟ್ಟೆವು. ಕೊಳೆ ನೀರಿನ ಗುಂಡಿ ಸೇರಿಸಿದೆವು. ಪರಿಷ್ಕೃತ ಬಜೆಟ್ 19,50,000 ರೂಪಾಯಿ. ವರದಿಯಲ್ಲಿ ಎರಡೂ ಬಜೆಟ್ ಇರಬೇಕು, ಮಧ್ಯೆ ಬದಲಾವಣೆಗೆ ಒಪ್ಪಿದ ಪತ್ರದ ದಿನಾಂಕ ಇರಬೇಕು. 27 ಲಕ್ಷದ ಎದುರು ಖರ್ಚು ಇಟ್ಟರೆ ಏಳು ಲಕ್ಷ ಉಳಿಸಿದ ಹಾಗೆ ಕಾಣುತ್ತದೆ. ಅದು ಉಳಿತಾಯ ಅಲ್ಲ, ಮಾಡದ ಕೆಲಸ.

ಫೋನಿನಲ್ಲಿ "ಆಯ್ತು, ಮಾಡಿ" ಅಂದದ್ದು ಒಪ್ಪಿಗೆ ಅಲ್ಲ. ಅಂದೇ ಸಂಜೆ "ಬೆಳಿಗ್ಗೆ ಮಾತಾಡಿದಂತೆ ಹೀಗೆ ಮಾಡುತ್ತಿದ್ದೇವೆ, ದಯವಿಟ್ಟು ಖಚಿತಪಡಿಸಿ" ಅಂತ ಇಮೇಲ್ ಹಾಕಿ ಉತ್ತರ ತರಿಸಿಕೊಳ್ಳಿ. ಮುಕ್ತಾಯದ ಹೊತ್ತಿಗೆ ಇಂಥ ಕಾಗದ ಹುಡುಕಿದರೆ ಸಿಗುವುದಿಲ್ಲ.

ನಮ್ಮ ಕೋಷ್ಟಕ ಹೀಗಿತ್ತು:

| ಬಾಬ್ತು | ಪರಿಷ್ಕೃತ ಬಜೆಟ್ (ರೂ.) | ಆದ ಖರ್ಚು (ರೂ.) |
|---|---|---|
| ಯಂತ್ರಗಳು (2) | 8,40,000 | 8,40,000 |
| ಕೋಣೆ, ಅಡಿಪಾಯ | 4,80,000 | 5,31,000 |
| ಕರೆಂಟ್ | 1,20,000 | 1,08,500 |
| ಪಂಪ್, ಪೈಪ್ | 1,20,000 | 1,12,000 |
| ಕೊಳೆ ನೀರಿನ ಗುಂಡಿ | 80,000 | 74,000 |
| ತರಬೇತಿ, 3 ತಿಂಗಳ ನಿರ್ವಹಣೆ | 1,00,000 | 1,27,000 |
| ನೀರಿನ ಪರೀಕ್ಷೆ | 30,000 | 18,000 |
| ಮೇಲ್ವಿಚಾರಣೆ | 1,80,000 | 1,80,000 |
| ಒಟ್ಟು | 19,50,000 | 19,90,500 |
| ಕಳೆಯಿರಿ: ನೀರು ಮಾರಿದ ಹಣ | 0 | 30,500 |
| ನಿವ್ವಳ | 19,50,000 | 19,60,000 |

ಇದರಲ್ಲಿ ಎಲ್ಲ ಸಾಲಿಗೂ ವಿವರಣೆ ಬರೆಯಬೇಕಿಲ್ಲ. ಸಣ್ಣ ಪುಟ್ಟ ವ್ಯತ್ಯಾಸಕ್ಕೆ ಒಂದೊಂದು ವಾಕ್ಯ ಸಾಕು. ಮೈ ಬಗ್ಗಿಸಿ ಬರೆಯಬೇಕಾದದ್ದು ಎರಡು ಸಾಲಿಗೆ.

ಒಂದು, ಅಡಿಪಾಯ. 51,000 ಜಾಸ್ತಿ. "ಸಾಮಗ್ರಿ ಬೆಲೆ ಏರಿಕೆ" ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ನಿಜ ಕಾರಣ ಎರೆ ಮಣ್ಣು. ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬುವ ನೆಲ. ಅಂದಾಜು ಪಟ್ಟಿ ಮಾಡಿದವರು ಸಾಧಾರಣ ನೆಲದ ಆಳ ಹಾಕಿದ್ದರು. ಅಗೆದಾಗ ಎರೆ ಇನ್ನೂ ಕೆಳಗೆ ಹೋಗಿತ್ತು, ಅದನ್ನು ತೆಗೆದು ಗರಸು ತುಂಬಬೇಕಾಯಿತು. ಹೀಗೆ ಬರೆದರೆ ಮುಂದಿನ ಅಂದಾಜಿಗೂ ದಾರಿಯಾಗುತ್ತದೆ.

ಇನ್ನೊಂದು, ನಿರ್ವಹಣೆ. ಮೊದಲ ಕರಡಿನಲ್ಲಿ ನಾವು ಇಲ್ಲಿ 96,500 ಅಂತ ಹಾಕಿದ್ದೆವು. ನೀರು ಮಾರಿ ಬಂದ 30,500 ರೂಪಾಯಿಯನ್ನು ಒಳಗೇ ಕಳೆದುಬಿಟ್ಟಿದ್ದೆವು. ಸಿಎ ಮೇಡಂ ಒಪ್ಪಲಿಲ್ಲ. "ವೋಚರ್ ಕೂಡಿಸಿದ್ರೆ 1,27,000 ಬರ್ತದ, ನೀವು 96,500 ಅಂತೀರಿ. ನಡುವಿನ ರೊಕ್ಕ ಎಲ್ಲಿ?" ಅವರ ಮಾತು ಸರಿ. ಬಂದದ್ದು ಬೇರೆ, ಹೋದದ್ದು ಬೇರೆ. ಎರಡನ್ನೂ ಪೂರ್ತಿ ತೋರಿಸಿ, ಕೊನೆಗೆ ಕಳೆಯಿರಿ.

ಇನ್ನು ಖರ್ಚಾದದ್ದಕ್ಕೂ ಕೊಟ್ಟದ್ದಕ್ಕೂ ಇರುವ ವ್ಯತ್ಯಾಸ. ಯಂತ್ರದ ಬಿಲ್‌ನಲ್ಲಿ ಶೇ. 5, ಅಂದರೆ 42,000 ರೂಪಾಯಿಯನ್ನು ಒಂದು ವರ್ಷದ ದೋಷ ಹೊಣೆ ಅವಧಿ ಮುಗಿಯುವ ತನಕ ಹಿಡಿದಿಟ್ಟಿದ್ದೆವು. ಅದು ಖರ್ಚಿನಲ್ಲಿ ಸೇರಿದೆ, ಆದರೆ ಬ್ಯಾಂಕಿನಿಂದ ಹೋಗಿಲ್ಲ. ಇದು ತಾಳೆಯಾಗುತ್ತದೋ ಇಲ್ಲವೋ ಅಂತ ನೋಡಲು ಒಂದು ಸುಲಭ ಉಪಾಯ ಇದೆ. ಕಂಪನಿಯಿಂದ ಅಲ್ಲಿಯವರೆಗೆ ಬಂದದ್ದು 18,50,000, ನೀರಿನ ಹಣ 30,500, ಒಟ್ಟು 18,80,500. ನಿಜವಾಗಿ ಪಾವತಿ ಮಾಡಿದ್ದು 19,48,500. ಅಂದರೆ 68,000 ನಮ್ಮ ಸಂಸ್ಥೆಯ ಕೈಯಿಂದ ಹೋಗಿದೆ. ಕಂಪನಿಯ ಕೊನೆಯ ಕಂತು 1,00,000 ಬಂದ ಮೇಲೆ 32,000 ಉಳಿಯುತ್ತದೆ. ಹಿಡಿದಿಟ್ಟ 42,000 ಕೊಡಲು ಇನ್ನೂ 10,000 ಬೇಕು. ಆ 10,000 ಬಜೆಟ್ ಮೀರಿದ ಮೊತ್ತಕ್ಕೆ ಸರಿಯಾಗಿ ಹೊಂದುತ್ತದೆ, ಅದನ್ನು ನಮ್ಮ ಸಂಸ್ಥೆ ಹೊತ್ತಿತು. ಹೀಗೆ ಎರಡು ದಾರಿಯಿಂದ ಹೋಗಿ ಒಂದೇ ಮೊತ್ತಕ್ಕೆ ಬಂದರೆ ಲೆಕ್ಕ ಸರಿ. ಬರದಿದ್ದರೆ ಎಲ್ಲೋ ಒಂದು ವೋಚರ್ ಎರಡು ಸಲ ಕೂತಿದೆ ಅಥವಾ ಕೂತೇ ಇಲ್ಲ.

ಐದನೇ ಹೆಜ್ಜೆ: ಹೇಳಿದ್ದು, ಮಾಡಿದ್ದು, ಆದದ್ದು

ಇದೇ ವರದಿಯ ಮುಖ. ಇಲ್ಲೇ ಜನ ಜಾಸ್ತಿ ಜಾರುವುದು. ಒಪ್ಪಂದದ ಕೊನೆಯ ಅನುಬಂಧ ತೆಗೆದು, ಅದರ ಒಂದೊಂದು ಸಾಲನ್ನೂ ಅದೇ ಶಬ್ದಗಳಲ್ಲಿ ಎಡಗಡೆ ಬರೆಯಿರಿ. ಸ್ವಲ್ಪವೂ ತಿದ್ದಬೇಡಿ. ಬಲಗಡೆ ಆದದ್ದು, ಅದರ ಪಕ್ಕ ಪುರಾವೆ. ಪುರಾವೆ ಇಲ್ಲದ ಸಾಲಿಗೆ "ಆಗಿದೆ" ಅಂತ ಬರೆಯಬೇಡಿ.

ನಮ್ಮ ಪರಿಷ್ಕೃತ ಗುರಿ 400 ಮನೆಗಳಿಗೆ ಕಾರ್ಡ್. ಕೊಟ್ಟದ್ದು 412. ಗುರಿ ದಾಟಿದೆ, ಚಪ್ಪಾಳೆ. ಆದರೆ ಕಾರ್ಡ್ ಯಂತ್ರದ ದಾಖಲೆ ತೆಗೆದಾಗ, ಕೊನೆಯ ತಿಂಗಳಲ್ಲಿ ಒಂದು ಸಲವಾದರೂ ನೀರು ಹಿಡಿದ ಕಾರ್ಡುಗಳು 268. ಮಿಕ್ಕವರು ಕಾರ್ಡನ್ನು ಗೂಟಕ್ಕೆ ನೇತುಹಾಕಿ ಹಳೆಯ ಬೋರ್ ನೀರೇ ಕುಡಿಯುತ್ತಿದ್ದರು. ಕಾರ್ಡ್ ಹಂಚಿದ್ದು ನಾವು ಮಾಡಿದ ಕೆಲಸ, ನೀರು ಕುಡಿದದ್ದು ಯೋಜನೆಯ ಫಲ. ಎರಡನ್ನೂ ಬರೆದೆವು.

ಇದಕ್ಕಿಂತ ಕಷ್ಟದ ಸಾಲು ಇನ್ನೊಂದಿತ್ತು. ಒಪ್ಪಂದದಲ್ಲಿ "ಘಟಕ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವುದು" ಅಂತ ಇತ್ತು. ಲೆಕ್ಕ ಹಾಕೋಣ. ಒಂದು ಘಟಕಕ್ಕೆ ತಿಂಗಳಿಗೆ ಆಪರೇಟರ್ 6,000, ಕರೆಂಟ್ 3,500, ಕಾರ್ಟ್ರಿಜ್ ಮತ್ತು ರಾಸಾಯನಿಕ 1,800. ಮೆಂಬ್ರೇನ್ ಸೆಟ್ ಬದಲಿಸಲು ನಮಗೆ ಬಂದ ಕೊಟೇಶನ್ 64,000. ಎರಡೂವರೆ ವರ್ಷ ಬಾಳುತ್ತದೆ ಅಂದುಕೊಂಡರೆ ತಿಂಗಳಿಗೆ ಸುಮಾರು 2,100 ಎತ್ತಿಡಬೇಕು. ಒಟ್ಟು 13,400. ಒಂದು ಕ್ಯಾನಿಗೆ 5 ರೂಪಾಯಿ. ಹಾಗಾದರೆ ದಿನಕ್ಕೆ 90 ಕ್ಯಾನ್ ಹೋಗಬೇಕು. ಕೊನೆಯ ತಿಂಗಳಲ್ಲಿ ಹೋದದ್ದು ಸರಾಸರಿ 48.

ಮೆಂಬ್ರೇನ್ ಹಣವನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ ಚಿತ್ರ ಸ್ವಲ್ಪ ಚೆನ್ನಾಗಿ ಕಾಣುತ್ತದೆ. ಬಹಳ ಕಡೆ ಬಿಟ್ಟೇ ಬಿಡುತ್ತಾರೆ. ಬೀಗ ಬಿದ್ದ ಘಟಕಗಳ ಮುಂದೆ ನಿಂತು ಕೇಳಿದಾಗ, ಹೆಚ್ಚಾಗಿ ಸಿಕ್ಕ ಉತ್ತರ "ಮೆಂಬ್ರೇನ್ ಹೋಗ್ಯಾವ್ರಿ, ರೊಕ್ಕ ಇಲ್ಲ" ಅನ್ನುವುದೇ. ನಾವು ತಿಂಗಳಿಗೆ ಒಂದು ಘಟಕಕ್ಕೆ 6,200 ರೂಪಾಯಿ ಕೊರತೆ ಅಂತ ಸ್ಪಷ್ಟವಾಗಿ ಬರೆದು, ಹಸ್ತಾಂತರಕ್ಕೆ ಮೊದಲೇ ಪಂಚಾಯಿತಿ ಸಭೆಯಲ್ಲಿ ಓದಿದೆವು. ಸಭೆ ಸ್ವಲ್ಪ ಬಿಸಿಯಾಯಿತು. ಕೊನೆಗೆ ಕರೆಂಟ್ ಬಿಲ್ ಪಂಚಾಯಿತಿ ಕಟ್ಟುವುದು ಅಂತ ಠರಾವಾಯಿತು. ಆಗ ಬೇಕಾದದ್ದು ದಿನಕ್ಕೆ 66 ಕ್ಯಾನ್. ಇನ್ನೂ 18 ಕ್ಯಾನ್ ಕೊರತೆ ಇದೆ. ಅದನ್ನೂ ವರದಿಯಲ್ಲಿ ಹಾಗೇ ಇಟ್ಟೆವು, ಷರಾದಲ್ಲಿ "ಈಡೇರಿಲ್ಲ" ಅಂತ.

ಕಂಪನಿಯವರು ಬೇಜಾರಾದರೇ? ಒಂದಿಷ್ಟು ಪ್ರಶ್ನೆ ಕೇಳಿದರು. ಕೊನೆಯ ಕಂತು ಮಾತ್ರ ತಡವಾಗಲಿಲ್ಲ.

ಆರನೇ ಹೆಜ್ಜೆ: ಪಾಠ ಬರೆಯುವುದು

"ಸಮುದಾಯದ ಸಹಭಾಗಿತ್ವ ಅತಿ ಮುಖ್ಯ ಎಂದು ಕಲಿತೆವು." ಇಂಥ ವಾಕ್ಯ ನಿಮ್ಮ ಕರಡಿನಲ್ಲಿದ್ದರೆ ಹೊಡೆದುಹಾಕಿ. ಯೋಜನೆ ಶುರುವಾಗುವ ಮೊದಲೇ ಬರೆಯಬಹುದಾಗಿದ್ದ ಮಾತು ಪಾಠ ಅಲ್ಲ. ಏನಾಯಿತು, ಯಾಕಾಯಿತು, ಮುಂದಿನ ಸಲ ಯಾರು ಯಾವಾಗ ಏನು ಬೇರೆ ಮಾಡಬೇಕು, ಈ ಮೂರೂ ಇದ್ದರೆ ಮಾತ್ರ ಪಾಠ. ನಮ್ಮಲ್ಲಿ ಹನ್ನೆರಡು ಬರೆದಿದ್ದೆವು, ಸೋಸಿದಾಗ ಉಳಿದದ್ದು ಎರಡು.

ಮೊದಲನೆಯದು ಬೋರ್‌ವೆಲ್. ಮೂರೂ ಊರಿನ ಬೋರ್‌ಗಳ ನೀರನ್ನು ನಾವು ಅಳೆದದ್ದು 2022ರ ಮಳೆಗಾಲದಲ್ಲಿ. ಆಗ ನೆಲ ತುಂಬಿ ತುಳುಕುತ್ತಿತ್ತು. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮೂರನೇ ಊರಿನ ಬೋರ್ ಅರ್ಧ ಗಂಟೆ ಓಡಿ ಗಾಳಿ ಎಳೆಯತೊಡಗಿತು. ಬರ ಬಂದದ್ದು ನಮ್ಮ ತಪ್ಪಲ್ಲ. ತುಂಬಿದ ಕಾಲದಲ್ಲಿ ಅಳೆದು ಬೇಸಿಗೆಗೂ ಸಾಕು ಅಂದುಕೊಂಡದ್ದು ನಮ್ಮ ತಪ್ಪು. ಇನ್ನು ಮುಂದೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ದಿನವೆಲ್ಲ ಪಂಪ್ ಓಡಿಸಿ ನೋಡದೆ ಊರು ಆಯ್ಕೆ ಮಾಡುವಂತಿಲ್ಲ, ಇದು ಫೀಲ್ಡ್ ಎಂಜಿನಿಯರ್ ಕೆಲಸ, ಅಂತ ಬರೆದೆವು.

ಎರಡನೆಯದು ಕೊಳೆ ನೀರು. ಶುದ್ಧ ನೀರು ಅರ್ಧ ಬಂದರೆ ಇನ್ನರ್ಧ ಹೊರಗೆ ಹೋಗುತ್ತದೆ. ಗಂಟೆಗೆ 2000 ಲೀಟರ್ ಕಚ್ಚಾ ನೀರು ಒಳಗೆ ಹೋಗಿ, 1000 ಲೀಟರ್ ಶುದ್ಧವಾಗಿ, 1000 ಲೀಟರ್ ಚರಂಡಿಗೆ. ಯಂತ್ರ ಫ್ಲೋರೈಡನ್ನು ಸುಟ್ಟುಹಾಕುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ಲೀಟರಿಗೆ 3.1ರಂತೆ 2000 ಲೀಟರಿನಲ್ಲಿ 6,200 ಮಿಲಿಗ್ರಾಂ ಇತ್ತು. ಶುದ್ಧ ನೀರಿನ ಜತೆ ಹೋದದ್ದು 400. ಮಿಕ್ಕ 5,800 ಹೊರಗೆ ಹೋಗುವ 1000 ಲೀಟರಿನಲ್ಲಿ ಉಳಿಯುತ್ತದೆ. ಅಂದರೆ ಲೀಟರಿಗೆ 5.8, ಕಚ್ಚಾ ನೀರಿನ ಹತ್ತಿರ ಹತ್ತಿರ ಎರಡರಷ್ಟು. ಮೊದಲ ವಾರ ಈ ನೀರು ಶಾಲೆಯ ಗೋಡೆ ಪಕ್ಕ ನಿಂತು, ದನಗಳು ಅಲ್ಲೇ ಕುಡಿಯತೊಡಗಿದವು. ಒಬ್ಬ ಅಜ್ಜಿ ಬಂದು "ಅದೂ ಫಿಲ್ಟರ್ ನೀರ ಏನಪಾ?" ಅಂತ ಕೇಳಿದಾಗಲೇ ನಮಗೆ ಹೊಳೆದದ್ದು. ನಮ್ಮ ಒಪ್ಪಂದದಲ್ಲಿ ಈ ನೀರಿನ ಬಗ್ಗೆ ಒಂದು ಶಬ್ದವೂ ಇರಲಿಲ್ಲ. 74,000 ಖರ್ಚಾದ ಗುಂಡಿ ಆಮೇಲೆ ಬಂತು. ಅದೂ ಪೂರ್ತಿ ಪರಿಹಾರವಲ್ಲ, ಇಂಗಿದ ನೀರು ಕೊನೆಗೆ ನೆಲದೊಳಗೇ ಹೋಗುತ್ತದೆ. ಕುಡಿಯುವ ಬೋರ್‌ನಿಂದ ದೂರ ಇಡಬೇಕು, ಮೇಲೆ ಮುಚ್ಚಳ ಇರಬೇಕು. ಇದನ್ನು ಹಸ್ತಾಂತರ ಪತ್ರದಲ್ಲೂ ಎಚ್ಚರಿಕೆಯಾಗಿ ಸೇರಿಸಿದೆವು.

ಏಳನೇ ಹೆಜ್ಜೆ: ಕಟ್ಟಿ ಕಳಿಸುವುದು

ವರದಿಯ ಮೊದಲ ಪುಟ ಎಲ್ಲದಕ್ಕೂ ಕೊನೆಗೆ ಬರೆಯಿರಿ. ಗುರಿ ಏನಿತ್ತು, ಏನಾಯಿತು, ಏನಾಗಲಿಲ್ಲ, ಎಷ್ಟು ಖರ್ಚು, ಯಾರಿಗೆ ಯಾವ ದಿನ ಕೊಟ್ಟೆವು, ಏನು ಬಾಕಿ. ಒಂದೇ ಪುಟ. ನಮ್ಮ 46 ಪುಟ ಎರಡನೇ ಸಲಕ್ಕೆ 14 ಆಯಿತು, ಅನುಬಂಧ ಬಿಟ್ಟು. ಕಿತ್ತುಹಾಕಿದ್ದು ಹೆಚ್ಚಾಗಿ ಫೋಟೊಗಳು ಮತ್ತು ಅತಿಥಿಗಳ ಭಾಷಣ.

ಕಂಪನಿಗೆ ಇಂಗ್ಲಿಷ್ ಪ್ರತಿ ಹೋಗುತ್ತದೆ, ಸಿಎ ಸಹಿ ಮಾಡಿದ ಹಣ ಬಳಕೆ ಪ್ರಮಾಣಪತ್ರದ ಜತೆ. ಪಂಚಾಯಿತಿಗೆ ಕನ್ನಡದಲ್ಲೇ ಕೊಡಿ. ಆಸ್ತಿ ಪಟ್ಟಿ, ಬಾಕಿ ಕೆಲಸ, ತಿಂಗಳ ಖರ್ಚಿನ ಲೆಕ್ಕ, ರಿಪೇರಿಯವರ ನಂಬರ್, ಇಷ್ಟನ್ನು ಬೇರೆ ತೆಗೆದು ಲ್ಯಾಮಿನೇಟ್ ಮಾಡಿಸಿ ಘಟಕದ ಗೋಡೆಗೂ ಹೊಡೆಯಿರಿ. ಆಪರೇಟರ್ ನೋಡುವುದು ಅದನ್ನೇ.

ಕೊನೆಯ ಪುಟದಲ್ಲಿ ಬಾಕಿ ಪಟ್ಟಿ ಇರಲಿ, ಪ್ರತಿ ಬಾಕಿಗೂ ಒಂದು ದಿನಾಂಕ, ಒಬ್ಬರ ಹುದ್ದೆ. ನಮ್ಮಲ್ಲಿ ಮೂರೇ ಇದ್ದವು: 940 ಲೀಟರಿನ ಘಟಕ ಸರಿಪಡಿಸುವುದು, ಆರ್‌ಆರ್ ನಂಬರ್ ಹೆಸರು ಬದಲಾವಣೆ, ಹಿಡಿದಿಟ್ಟ 42,000 ಬಿಡುಗಡೆ. ಮೊದಲೆರಡು ಎರಡು ತಿಂಗಳಲ್ಲಿ ಮುಗಿದವು. ವರ್ಷ ತುಂಬಿದ ದಿನ ಮತ್ತೆ ಅದೇ ಕ್ಯಾನ್ ತೆಗೆದುಕೊಂಡು ಹೋಗಿ, ಅದೇ ಪೈಪ್ ಬಿಚ್ಚಿ ಅಳೆದೆವು. ಮೊದಲ ಘಟಕ 73 ಸೆಕೆಂಡ್, ಎರಡನೆಯದು 74. ಅದನ್ನು ಒಂದು ಪುಟದಲ್ಲಿ ಬರೆದು, ಪಿಡಿಒ ಸಹಿ ಹಾಕಿಸಿ, ಹಳೆಯ ವರದಿಯ ಹಿಂದೆ ಪಿನ್ ಹೊಡೆದೆವು. ಮರುದಿನ ಗುತ್ತಿಗೆದಾರರಿಗೆ 42,000ದ ಚೆಕ್ ಹೋಯಿತು.